ಸ್ಟಾಪ್ ಲಾಸ್: ಎಟಿಆರ್ ಆಧಾರದ ವಿಧಾನ

ಕೊಂಡ ಷೇರು ಇಳಿದರೆ ಎಲ್ಲಿ ಮಾರಿ ಹೊರಬರಬೇಕೆಂದು ಮೊದಲೇ ಎಳೆದುಕೊಳ್ಳುವ ಗೆರೆಯೇ ಸ್ಟಾಪ್ ಲಾಸ್. ಕೊಂಡ ಬೆಲೆಗಿಂತ ಇಂತಿಷ್ಟು ಶೇಕಡಾ ಕೆಳಗೆ ಅದನ್ನು ಇಡುವುದು ಹಳೆಯ ರೂಢಿ. ಅಮೆರಿಕದ ವಿಲಿಯಂ ಓನೀಲ್ ಶೇ 7–8ರ ಮಿತಿಯನ್ನು ಪ್ರಚಾರಕ್ಕೆ ತಂದರು. ಷೇರು ದಿನಕ್ಕೆ ಎಷ್ಟು ಓಡಾಡುತ್ತದೆ ಎಂಬುದನ್ನೇ ಅಳತೆಗೋಲು ಮಾಡಿದ್ದು 1978ರಲ್ಲಿ ಬಂದ ವೆಲ್ಸ್ ವೈಲ್ಡರ್ ಅವರ ಪುಸ್ತಕ. ನಿನ್ನೆಯ ಮುಕ್ತಾಯ 1,020 ರೂಪಾಯಿ ಇದ್ದು, ಇಂದಿನ ಗರಿಷ್ಠ 1,015, ಕನಿಷ್ಠ 990 ಆದರೆ, ದಿನದ ಅಂತರ 25 ರೂಪಾಯಿ. ರಾತ್ರಿ ಕಳೆದು ಬಿದ್ದ ಕಂದರವನ್ನೂ ಸೇರಿಸಿದರೆ 30. ಈ 'ನೈಜ ವ್ಯಾಪ್ತಿ'ಯ ಸರಾಸರಿಯೇ ಎಟಿಆರ್.

ಮುಂದಿನ ಇತಿಹಾಸದಲ್ಲಿ ಗೊಂದಲವಿದೆ. ಗೆರೆಯನ್ನು ಎಲ್ಲಿಂದ ಅಳೆಯಬೇಕು? ವೈಲ್ಡರ್ ಅಳೆದದ್ದು ವ್ಯವಹಾರದಲ್ಲಿ ಕಂಡ ಅತ್ಯುತ್ತಮ ಮುಕ್ತಾಯ ಬೆಲೆಯಿಂದ, ಎಟಿಆರ್‌ನ ಸುಮಾರು 3 ಪಟ್ಟು ದೂರಕ್ಕೆ. ಚಕ್ ಲೆಬೋ ಹೆಸರಿನೊಂದಿಗೆ ಬಂದ 'ಶಾಂಡೆಲಿಯರ್' ವಿಧಾನ ಗರಿಷ್ಠ ಬೆಲೆಯಿಂದ ಅಳೆಯುತ್ತದೆ. ಎರಡನ್ನೂ ಒಂದೇ ಎಂದು ಬರೆಯುವುದು ತಪ್ಪು. ಸರಾಸರಿಯಲ್ಲೂ ಎರಡು ಬಗೆ. 14 ದಿನಗಳ ವೈಲ್ಡರ್ ಲೆಕ್ಕದಲ್ಲಿ ಹಿಂದಿನ ಎಟಿಆರ್ 28, ಇಂದಿನ ವ್ಯಾಪ್ತಿ 70 ಆದರೆ, 28ನ್ನು 13ರಿಂದ ಗುಣಿಸಿ, 70 ಕೂಡಿಸಿ, 14ರಿಂದ ಭಾಗಿಸಬೇಕು, ಉತ್ತರ 31. ಸಾದಾ ಸರಾಸರಿಯಲ್ಲಿ ಆ 70 ಹದಿನಾಲ್ಕು ದಿನ ಕಳೆದ ಮೇಲೆ ಲೆಕ್ಕದಿಂದ ಬಿದ್ದುಹೋಗುತ್ತದೆ. ವೈಲ್ಡರ್ ಬಗೆಯಲ್ಲಿ ಅದರ ಪ್ರಭಾವದ ಮೂರನೇ ಒಂದರಷ್ಟು ಆಗಲೂ ಉಳಿದಿರುತ್ತದೆ. ಒಂದೇ ಷೇರಿಗೆ ಎರಡು ತಂತ್ರಾಂಶಗಳು ಬೇರೆಬೇರೆ ಎಟಿಆರ್ ತೋರಿಸಲು ಇದೊಂದು ಕಾರಣ.

ಶೇಕಡಾವಾರು ಗೆರೆಗಿಂತ ಎಟಿಆರ್ ಹೆಚ್ಚು ನ್ಯಾಯವಾದ ಅಳತೆ. 1,000 ರೂಪಾಯಿಯ ಎರಡು ಷೇರುಗಳಲ್ಲಿ ಒಂದರ ಎಟಿಆರ್ 15, ಇನ್ನೊಂದರದು 40 ಎಂದುಕೊಳ್ಳೋಣ. ಶೇ 3ರ ಗೆರೆ ಎರಡಕ್ಕೂ 970. ಮೊದಲನೆಯದಕ್ಕೆ ಅದು ಎರಡು ದಿನಗಳ ಓಡಾಟದಷ್ಟು ದೂರ. ಎರಡನೆಯದು ಮಾಮೂಲಿ ಒಂದೇ ದಿನದ ತೂಗಾಟದಲ್ಲಿ ಅದನ್ನು ಮುಟ್ಟಿಬಿಡಬಹುದು. ಎರಡು ಎಟಿಆರ್ ದೂರ ಕೊಟ್ಟರೆ ಗೆರೆಗಳು 970 ಮತ್ತು 920. ದೂರದ ಗೆರೆಯೆಂದರೆ ಹೆಚ್ಚು ನಷ್ಟವಲ್ಲವೇ ಎಂಬ ಆಕ್ಷೇಪ ಸಹಜ. ಅದಕ್ಕೆ ಉತ್ತರ ಷೇರುಗಳ ಸಂಖ್ಯೆಯಲ್ಲಿದೆ: 4,000 ರೂಪಾಯಿ ಮಾತ್ರ ಕಳೆದುಕೊಳ್ಳಲು ಸಿದ್ಧರಿರುವವರು ಮೊದಲನೆಯದನ್ನು 133, ಎರಡನೆಯದನ್ನು 50 ಕೊಳ್ಳಬೇಕು. 1983ರಲ್ಲಿ ಅಮೆರಿಕದ ವ್ಯಾಪಾರಿ ರಿಚರ್ಡ್ ಡೆನಿಸ್ ತರಬೇತಿ ಕೊಟ್ಟ 'ಟರ್ಟಲ್'ಗಳು ಪ್ರಮಾಣವನ್ನೂ ಗೆರೆಯನ್ನೂ ಹೀಗೆ ಒಂದೇ ಅಳತೆಗೆ ಕಟ್ಟಿದರು. ನನ್ನ ಅಂದಾಜಿನಲ್ಲಿ ಈ ಇತಿಹಾಸದ ನಿಜವಾದ ತಿರುವು ಅದು. ಪ್ರಮಾಣ ತಗ್ಗಿಸದೆ ಗೆರೆಯನ್ನು ಮಾತ್ರ ದೂರ ಸರಿಸಿದರೆ ಆಕ್ಷೇಪವೇ ಸರಿ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದುದು. ಎಟಿಆರ್ ನೋಡುವುದು ಕಳೆದುಹೋದ ದಿನಗಳನ್ನು. ಫಲಿತಾಂಶದ ದಿನಾಂಕ ಅದಕ್ಕೆ ಗೊತ್ತಿಲ್ಲ. ಬೆಂಗಳೂರಿನ ಇನ್ಫೋಸಿಸ್ ಷೇರು 2013ರ ಏಪ್ರಿಲ್ 12ರಂದು, ತ್ರೈಮಾಸಿಕ ಫಲಿತಾಂಶ ಹೊರಬಿದ್ದ ದಿನ, ಸುಮಾರು ಶೇ 21ರಷ್ಟು ಕುಸಿಯಿತು. ಬೆಲೆ ಗೆರೆಯನ್ನು ಹೀಗೆ ಹಾರಿ ಕೆಳಗೆ ತೆರೆದುಕೊಂಡಾಗ, ಮಾರುಕಟ್ಟೆ ಬೆಲೆಯ ಸ್ಟಾಪ್ ಆರ್ಡರ್ ಸಿಕ್ಕ ಬೆಲೆಗೆ ಮಾರುತ್ತದೆ. ಲಿಮಿಟ್ ಇಟ್ಟ ಆರ್ಡರ್ ಮಾರಾಟವಾಗದೆ ಉಳಿಯಬಹುದು. ಶೇಕಡಾ ಗೆರೆಗೂ ಇದೇ ಗತಿ, ಆದ್ದರಿಂದ ಎಟಿಆರ್ ಬಿಡಲು ಇದು ಕಾರಣವಾಗದು. ಆದರೆ ಕುಸಿತದ ಮರುದಿನ ಎಟಿಆರ್ ಉಬ್ಬುತ್ತದೆ, ಹೊಸದಾಗಿ ಲೆಕ್ಕ ಹಾಕಿದರೆ ಗೆರೆ ಇನ್ನೂ ಕೆಳಗೆ ಜಾರುತ್ತದೆ. ಕೊಂಡ ಷೇರಿನ ಗೆರೆಯನ್ನು ಮೇಲಕ್ಕೆ ಮಾತ್ರ ಸರಿಸಬೇಕೆಂಬ ಕಟ್ಟುಪಾಡು ಇರುವುದು ಇದಕ್ಕಾಗಿಯೇ. ಫಲಿತಾಂಶದ ಹಿಂದಿನ ಸಂಜೆ ಷೇರುಗಳ ಸಂಖ್ಯೆ ತಗ್ಗಿಸುವ ಕೆಲಸವನ್ನು ಮಾತ್ರ ಯಾವ ಗೆರೆಯೂ ಮಾಡಿಕೊಡದು.