ವಿವಾಹ ಪ್ರಸ್ತಾಪದ ಯೋಜನೆ

ವಿವಾಹ ಪ್ರಸ್ತಾಪವೆಂದರೆ ಪರಸ್ಪರ ಒಲಿದಿರುವ ಇಬ್ಬರಲ್ಲಿ ಒಬ್ಬರು ಇನ್ನೊಬ್ಬರನ್ನು ಮದುವೆಯಾಗಲು ಒಪ್ಪಿಗೆ ಕೇಳುವುದು. ಮೊಣಕಾಲೂರಿ ಉಂಗುರ ನೀಡುವ ರೂಢಿ ಬ್ರಿಟನ್ ಮತ್ತು ಅಮೆರಿಕಗಳಿಂದ ಚಲನಚಿತ್ರಗಳ ಮೂಲಕ ಬೇರೆಡೆಗಳಲ್ಲಿಯೂ ಪರಿಚಿತವಾಗಿದೆ. ಆದರೆ ಪ್ರಸ್ತಾಪಕ್ಕೆ ನಿಗದಿತ ವಿಧಿಯೇನೂ ಇಲ್ಲ. ಕೇಳುವ ಗಳಿಗೆ, ಸ್ಥಳ ಮತ್ತು ಮಾತುಗಳನ್ನು ಆ ಜೋಡಿಯ ಸ್ವಭಾವಕ್ಕೆ ಹೊಂದುವಂತೆ ಆರಿಸಿಕೊಳ್ಳಬೇಕಾಗುತ್ತದೆ. ಉತ್ತರಿಸುವವರು ನಿರ್ಭಯವಾಗಿ "ಇಲ್ಲ" ಅಥವಾ "ಇನ್ನೂ ಸಮಯ ಬೇಕು" ಎನ್ನಲು ಸಾಧ್ಯವಾಗುವಂತಿರುವುದು ಈ ಆಯ್ಕೆಯ ಮುಖ್ಯ ಅಳತೆಗೋಲು.

ಗಳಿಗೆ

ಪ್ರಸ್ತಾಪದ ದಿನ ಅನಿರೀಕ್ಷಿತವಾಗಿರಬಹುದು, ಆದರೆ ಮದುವೆಯ ವಿಚಾರವೇ ಅನಿರೀಕ್ಷಿತವಾಗಿರಬಾರದು. ಎಲ್ಲಿ ನೆಲೆಸುವುದು, ಮಕ್ಕಳು ಬೇಕೆ, ಯಾರ ಉದ್ಯೋಗಕ್ಕಾಗಿ ಊರು ಬದಲಿಸುವುದು, ತಂದೆತಾಯಿಯರ ಹೊಣೆ ಹೇಗೆ ಎಂಬ ಮಾತುಗಳು ಮೊದಲೇ ನಡೆದಿರಬೇಕು. ಇಂತಹ ಮಾತು ಬಂದಾಗಲೆಲ್ಲ ಎದುರಿನವರು ವಿಷಯ ಬದಲಿಸಿದರೆ ಅಥವಾ "ನೋಡೋಣ" ಎಂದಷ್ಟೇ ಹೇಳಿದರೆ ಗಳಿಗೆ ಕೂಡಿಬಂದಿಲ್ಲವೆಂದು ತಿಳಿಯಬಹುದು. ಪರೀಕ್ಷೆ, ಕಾಯಿಲೆ ಅಥವಾ ಮನೆಯಲ್ಲಿ ಸಾವು ಸಂಭವಿಸಿದ ದಿನಗಳಲ್ಲಿ ದೊರೆತ ಒಪ್ಪಿಗೆಯೂ ಸ್ಥಿರವಾಗಿರದಿರಬಹುದು. ವಿಪರೀತ ವಿಳಂಬವೂ ತೊಡಕೇ, ಏಕೆಂದರೆ ಕಾಯುವವರಿಗೆ ಮೌನವು ನಿರಾಕರಣೆಯಂತೆ ತೋರುತ್ತದೆ.

ಸ್ಥಳ

ಕ್ರೀಡಾಂಗಣದ ಪರದೆಯ ಮೇಲೆ ಅಥವಾ ಬಂಧುಗಳ ಸಮಾರಂಭದಲ್ಲಿ ಕೇಳಿದಾಗ ನೆರೆದವರೆಲ್ಲರೂ ಒಂದೇ ಉತ್ತರವನ್ನು ಎದುರುನೋಡುತ್ತಾರೆ. ಸಂಕೋಚ ಸ್ವಭಾವದವರು ಆಗ ಮುಖ ಉಳಿಸಲು ಒಪ್ಪಿ, ಅನಂತರ ಏಕಾಂತದಲ್ಲಿ ಹಿಂದೆ ಸರಿಯುವ ಸಂಭವವಿದೆ. ತಮ್ಮ ಹುಟ್ಟುಹಬ್ಬವನ್ನು ಹತ್ತಾರು ಜನರ ನಡುವೆ ಆಚರಿಸಿಕೊಳ್ಳಲು ಇಷ್ಟಪಡುವವರೇ, ಇತರರ ಎದುರು ಹೊಗಳಿದರೆ ಮುದುಡುವವರೇ ಎಂಬುದನ್ನು ಗಮನಿಸಿದರೆ ಸ್ಥಳದ ಆಯ್ಕೆ ಸುಲಭವಾಗುತ್ತದೆ. ಸಂದೇಹವಿದ್ದಲ್ಲಿ ಏಕಾಂತದಲ್ಲಿ ಕೇಳಿ, ಸಂಭ್ರಮವನ್ನು ಅನಂತರ ಇತರರೊಡನೆ ಹಂಚಿಕೊಳ್ಳುವುದು ಸೂಕ್ತ. ಬೆಟ್ಟದ ತುದಿ, ದೋಣಿ ಮೊದಲಾದ ಕಡೆ ಕೇಳುವಾಗ, ಉತ್ತರ ಪ್ರತಿಕೂಲವಾದರೂ ಇಬ್ಬರೂ ಜೊತೆಯಲ್ಲಿಯೇ ಹಿಂದಿರುಗಬೇಕಾಗುತ್ತದೆ ಎಂಬುದನ್ನು ಮರೆಯಬಾರದು.

ಮಾತು

ಕಂಠಪಾಠ ಮಾಡಿದ ದೀರ್ಘ ಭಾಷಣವು ಉದ್ವೇಗದಲ್ಲಿ ಮರೆತುಹೋಗುತ್ತದೆ. ದಿನನಿತ್ಯ ಆಡುವ ಭಾಷೆಯಲ್ಲಿಯೇ ಮೂರು ನಾಲ್ಕು ವಾಕ್ಯಗಳು ಸಾಕು: ಈ ವ್ಯಕ್ತಿಯೇ ಏಕೆ ಎಂಬುದಕ್ಕೆ ಇಬ್ಬರೂ ಕಂಡುಂಡ ಒಂದು ಸಂಗತಿ, ಮುಂದಿನ ಬಾಳಿನ ಬಗೆಗಿನ ಆಶಯ, ಕೊನೆಯಲ್ಲಿ ಸ್ಪಷ್ಟವಾದ ಪ್ರಶ್ನೆ. ಹಾಸ್ಯಪ್ರಿಯರ ಜೋಡಿಯಲ್ಲಿ ಪ್ರಶ್ನೆ ತಮಾಷೆಯಾಗಿ ಕೇಳಿಸುವ ಅಪಾಯವಿರುವುದರಿಂದ ಕಡೆಯ ವಾಕ್ಯವನ್ನಾದರೂ ನೇರವಾಗಿ ಹೇಳಬೇಕು.

ಉದಾಹರಣೆ: ವಿಕ್ಟೋರಿಯಾ ಮತ್ತು ಆಲ್ಬರ್ಟ್

ಬ್ರಿಟನ್ನಿನ ರಾಣಿ ವಿಕ್ಟೋರಿಯಾ ಮತ್ತು ರಾಜಕುಮಾರ ಆಲ್ಬರ್ಟ್ 1836ರಲ್ಲಿ ಮೊದಲು ಭೇಟಿಯಾದರು. ಇವರ ವಿವಾಹ ಬಂಧುಗಳ ಬಯಕೆಯಾಗಿದ್ದರೂ, ತಾನು ಯಾವ ಮಾತನ್ನೂ ಕೊಟ್ಟಿಲ್ಲವೆಂದು ರಾಣಿ 1839ರ ಜುಲೈನಲ್ಲಿ ಸೋದರಮಾವ ಲಿಯೋಪೋಲ್ಡರಿಗೆ ಬರೆದಿದ್ದರು. ಅನಿಶ್ಚಿತತೆಯಿಂದ ಬೇಸತ್ತಿದ್ದ ಆಲ್ಬರ್ಟ್, ಇನ್ನೂ ವಿಳಂಬವಾದರೆ ಹಿಂದೆ ಸರಿಯಬೇಕೆಂಬ ಮನಸ್ಸಿನಿಂದಲೇ ಅಕ್ಟೋಬರ್ 10ರಂದು ವಿಂಡ್ಸರ್ ಕೋಟೆಗೆ ಬಂದರು. ಕೆಲವೇ ದಿನಗಳಲ್ಲಿ ರಾಣಿಯ ಮನಸ್ಸು ನಿಶ್ಚಯವಾಯಿತು. ಆಳುವ ರಾಣಿಗೆ ಬೇರೆಯವರು ಪ್ರಸ್ತಾಪ ಮಾಡುವುದು ಮರ್ಯಾದೆಯಲ್ಲವಾದ್ದರಿಂದ ಕೇಳುವ ಹೊಣೆ ಅವರದೇ ಆಗಿತ್ತು.

ಅಕ್ಟೋಬರ್ 15ರ ಮಧ್ಯಾಹ್ನ ಅವರು ಆಲ್ಬರ್ಟರನ್ನು ತಾವೊಬ್ಬರೇ ಇದ್ದ ಚಿಕ್ಕ ಕೊಠಡಿಗೆ ಕರೆಸಿದರು. ಕರೆಸಿದ ಕಾರಣ ಅವರಿಗೆ ತಿಳಿದಿರಬಹುದೆಂದೂ, ತನ್ನ ಇಚ್ಛೆಗೆ ಅವರು ಒಪ್ಪಿದರೆ ಬಹಳ ಸಂತೋಷವಾಗುವುದೆಂದೂ ಹೇಳಿದ್ದನ್ನು ರಾಣಿ ದಿನಚರಿಯಲ್ಲಿ ದಾಖಲಿಸಿದ್ದಾರೆ. ತಾನು ಅವರಿಗೆ ಯೋಗ್ಯಳಲ್ಲವೆಂದೂ ಅವರು ನುಡಿದರು. ಆಜ್ಞೆಯೆಂದು ಕೇಳಿಸಬಹುದಾಗಿದ್ದ ಮಾತು, ಸಾಕ್ಷಿಗಳಿಲ್ಲದ ಕೋಣೆ ಮತ್ತು ವಿನಯದ ಪದಗಳಿಂದಾಗಿ ವಿನಂತಿಯ ರೂಪ ಪಡೆಯಿತು. ಆಲ್ಬರ್ಟ್ ಒಪ್ಪಿದರು. ನವೆಂಬರ್ 23ರಂದು ರಾಣಿ ಪ್ರೀವಿ ಕೌನ್ಸಿಲಿಗೆ ಈ ವಿಷಯ ತಿಳಿಸಿದರು. 1840ರ ಫೆಬ್ರವರಿ 10ರಂದು ವಿವಾಹ ನೆರವೇರಿತು.

ಕರ್ನಾಟಕದಲ್ಲಿ

ಹಿರಿಯರು ಗೊತ್ತುಮಾಡುವ ಮದುವೆಗಳಲ್ಲಿ ಪ್ರಸ್ತಾಪವು ಎರಡು ಮನೆಗಳ ನಡುವೆ ನಡೆಯುತ್ತದೆ. ಹೆಣ್ಣು ನೋಡುವ ಶಾಸ್ತ್ರದ ದಿನ ಹುಡುಗ ಹುಡುಗಿ ಸ್ವಲ್ಪ ಹೊತ್ತು ಬೇರೆಯಾಗಿ ಮಾತನಾಡುವ ರೂಢಿ ಅನೇಕ ಮನೆಗಳಲ್ಲಿದೆ. ಸಭೆಯಲ್ಲಿ ಹೇಳಲಾಗದ ಅಸಮ್ಮತಿಯನ್ನು ತಿಳಿಸಲು ಅದೂ ಒಂದು ಅವಕಾಶವಾಗುತ್ತದೆ. ಪ್ರೇಮವಿವಾಹದಲ್ಲಿ ಇಬ್ಬರ ಒಪ್ಪಿಗೆಯ ಬಳಿಕ ಮನೆಯವರಿಗೆ ತಿಳಿಸುವ ಹಂತ ಬರುತ್ತದೆ. ಯಾರು, ಯಾವಾಗ, ಯಾರಿಗೆ ಮೊದಲು ಹೇಳಬೇಕೆಂಬುದನ್ನು ಇಬ್ಬರೂ ಕೂಡಿಯೇ ನಿರ್ಧರಿಸುತ್ತಾರೆ. ತಾಂಬೂಲ ಬದಲಿಸಿಕೊಳ್ಳುವ ನಿಶ್ಚಿತಾರ್ಥವು ಅದರ ನಂತರದ್ದು.