ಕಾಫಿ ನೀರು (ಬಳ್ಳಾರಿ ಸೀಮೆ)

ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳಲ್ಲಿ ಒಂದೇ ಅಂಗಡಿಯ ಕಾಫಿಪುಡಿ ಮನೆಯಿಂದ ಮನೆಗೆ ಬೇರೆ ರುಚಿ ಕೊಡುವುದಕ್ಕೆ ಮುಖ್ಯ ಕಾರಣ ನೀರು. ಕೆಲವರು ತುಂಗಭದ್ರೆಯ ನಲ್ಲಿ ನೀರು ಬಳಸುತ್ತಾರೆ, ಕೆಲವರು ಬೋರ್ ನೀರು, ಇನ್ನು ಕೆಲವರು ಕ್ಯಾನಿನ ಆರ್‌ಒ ನೀರು.

ಬೋರ್ ನೀರು ಸಾಮಾನ್ಯವಾಗಿ ಗಡಸು. ಅದರಲ್ಲಿ ಕರಗಿರುವ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನು ನುಂಗಿಬಿಡುವುದರಿಂದ ಡಿಕಾಕ್ಷನ್ ಕಪ್ಪಗಿದ್ದರೂ ಸಪ್ಪೆಯಾಗಿರುತ್ತದೆ. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದು, ಸೋಪು ನೊರೆ ಬಿಡದಿರುವುದು ಇದರ ಗುರುತು. ಕುದಿಸಿ, ತಿಳಿಯಾಗಲು ಬಿಟ್ಟು, ಮೇಲಿನ ನೀರನ್ನಷ್ಟೇ ಬಗ್ಗಿಸಿಕೊಂಡರೆ ಗಡಸು ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಆರ್‌ಒ ನೀರಿನದು ಇದಕ್ಕೆ ತದ್ವಿರುದ್ಧ: ಲವಣ ತೀರಾ ಕಡಿಮೆಯಾಗಿ ಕಾಫಿ ತೆಳುವಾಗುತ್ತದೆ, ಹುಳಿ ಎದ್ದು ಕಾಣುತ್ತದೆ. ಎರಡನ್ನೂ ಬೆರೆಸುವುದೇ ಒಳ್ಳೆಯ ದಾರಿ. ಬೋರ್ ನೀರಿನ ಗಡಸು ಲೀಟರಿಗೆ 400 ಮಿ.ಗ್ರಾಂ, ಆರ್‌ಒ ನೀರಿನದು 40 ಎಂದುಕೊಳ್ಳಿ. ಒಂದು ಲೋಟ ಬೋರ್ ನೀರಿಗೆ ಮೂರು ಲೋಟ ಆರ್‌ಒ ನೀರು ಸೇರಿಸಿದರೆ 130ಕ್ಕೆ ಬರುತ್ತದೆ. ಕಾಫಿಗೆ ಹೊಂದುವ ಮಟ್ಟ ಸುಮಾರು 50ರಿಂದ 175. ಆದರೆ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದರೆ ಈ ಬೆರಕೆ ಬೇಡ. ಮೊದಲು ಪರೀಕ್ಷೆ ಮಾಡಿಸಬೇಕು.

ನಲ್ಲಿ ನೀರಿನಲ್ಲಿ ಕಾಡುವುದು ಕ್ಲೋರಿನ್. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಉಳಿದಿರಬೇಕೆಂಬುದು ಭಾರತೀಯ ಮಾನಕ. ಹೊಸದಾಗಿ ಹಿಡಿದ ನೀರಿನಲ್ಲಿ ಔಷಧಿಯ ವಾಸನೆ ಬಂದರೆ ಮುಚ್ಚಳ ತೆಗೆದು ಕೆಲವು ನಿಮಿಷ ಕುದಿಸಬೇಕು, ಇಲ್ಲವೇ ಇದ್ದಿಲಿನ ಫಿಲ್ಟರ್ ಬಳಸಬೇಕು.