ಅಲ್ಪಸಂಖ್ಯಾತ ಷೇರುದಾರರಿಗೆ ಕಾನೂನಿನ ಆಸರೆ

ಕಂಪನಿಯಲ್ಲಿ ಬಹುಮತದ ಮಾತೇ ಅಂತಿಮ. ಆದರೆ ಆ ಬಹುಮತವು ಉಳಿದವರ ಹಿತವನ್ನು ಅನ್ಯಾಯವಾಗಿ ತುಳಿದಾಗ ಅದನ್ನು ಕಾನೂನು 'ದಬ್ಬಾಳಿಕೆ' ಎನ್ನುತ್ತದೆ. ಇದಕ್ಕೆ ಪರಿಹಾರ ನೀಡುವುದು 2013ರ ಕಂಪನಿ ಕಾಯ್ದೆಯ 241 ಮತ್ತು 242ನೇ ಕಲಂಗಳು. ಹೊಸ ಷೇರುಗಳ ಹಂಚಿಕೆಯು ಇಂತಹ ತಕರಾರಿಗೆ ಆಗಾಗ್ಗೆ ಎಡೆಮಾಡುತ್ತದೆ.

ಬೆಂಗಳೂರಿನ ಬೈಜೂಸ್ ಸಂಸ್ಥೆಯ ಪ್ರಕರಣ ಇದಕ್ಕೆ ಉದಾಹರಣೆ. 2022ರಲ್ಲಿ 2,200 ಕೋಟಿ ಡಾಲರ್ ಮೌಲ್ಯದ್ದೆನಿಸಿದ್ದ ಈ ಸಂಸ್ಥೆ, 2024ರ ಜನವರಿಯಲ್ಲಿ 20 ಕೋಟಿ ಡಾಲರ್ ಸಂಗ್ರಹಿಸಲು ಹಕ್ಕಿನ ಷೇರುಗಳನ್ನು ನೀಡಲು ಮುಂದಾಯಿತು. ವರದಿಗಳ ಪ್ರಕಾರ, ಆಗ ಸಂಸ್ಥೆಯ ಮೌಲ್ಯವನ್ನು 2ರಿಂದ 2.5 ಕೋಟಿ ಡಾಲರ್‌ಗೆ ಇಳಿಸಲಾಗಿತ್ತು. 2.5 ಕೋಟಿ ಎಂದಿಟ್ಟುಕೊಂಡರೆ, ಹೊಸ ಹಣ ಸೇರಿ ಒಟ್ಟು ಮೌಲ್ಯ 22.5 ಕೋಟಿಯಾಗುತ್ತದೆ. ಹಣ ಹಾಕದ ಶೇ 10ರ ಷೇರುದಾರನ ಪಾಲು ಶೇ 1.1ಕ್ಕೆ ಕುಸಿಯುತ್ತದೆ.

ಹಕ್ಕಿನ ಷೇರು ಎಲ್ಲರಿಗೂ ಅವರವರ ಪಾಲಿನಂತೆ ದೊರೆಯುವುದರಿಂದ ಪಾಲು ಕರಗಿದ ಮಾತ್ರಕ್ಕೆ ಅದು ದಬ್ಬಾಳಿಕೆಯಲ್ಲ. ಉದ್ದೇಶವೇನೆಂಬುದೇ ಮುಖ್ಯ ಪ್ರಶ್ನೆ. ಕಾಯ್ದೆಯ 166ನೇ ಕಲಂ ಪ್ರಕಾರ ನಿರ್ದೇಶಕರು ಎಲ್ಲ ಸದಸ್ಯರ ಹಿತಕ್ಕಾಗಿ ಸದ್ಭಾವನೆಯಿಂದ ನಡೆದುಕೊಳ್ಳಬೇಕು; ಅನುಚಿತ ಲಾಭ ಪಡೆಯಬಾರದು. ಡೇಲ್ ಅಂಡ್ ಕ್ಯಾರಿಂಗ್ಟನ್ ಪ್ರಕರಣದಲ್ಲಿ ವ್ಯವಸ್ಥಾಪಕ ನಿರ್ದೇಶಕರು ಹಿಡಿತ ಸಾಧಿಸಲು ತಮಗೇ ಹಂಚಿಕೊಂಡ ಷೇರುಗಳನ್ನು ಸುಪ್ರೀಂ ಕೋರ್ಟ್ 2004ರಲ್ಲಿ ಒಪ್ಪಲಿಲ್ಲ.

ಬೈಜೂಸ್‌ನ ನಾಲ್ವರು ಹೂಡಿಕೆದಾರರು ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠದ ಮೊರೆಹೋದರು. ಸಂಗ್ರಹವಾದ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು, ಅಧಿಕೃತ ಬಂಡವಾಳ ಹೆಚ್ಚಿಸದೆ ಷೇರು ಹಂಚಬಾರದು ಎಂದು ಪೀಠವು 2024ರ ಫೆಬ್ರುವರಿ 27ರಂದು ಮಧ್ಯಂತರ ಆದೇಶ ನೀಡಿತು. ಅಧಿಕೃತ ಬಂಡವಾಳ ಹೆಚ್ಚಿಸಲು ಷೇರುದಾರರ ಒಪ್ಪಿಗೆ ಬೇಕು. ಆದ್ದರಿಂದ ಇಲ್ಲಿ ತಾಂತ್ರಿಕ ನಿಯಮವೇ ರಕ್ಷಣೆಯಾಯಿತು.

ಯಾರು ದೂರಬಹುದು?

ಷೇರು ಬಂಡವಾಳವಿರುವ ಕಂಪನಿಯಲ್ಲಿ ಕನಿಷ್ಠ ಹತ್ತನೇ ಒಂದು ಭಾಗದ ಬಂಡವಾಳ ಹೊಂದಿದವರು ಅಥವಾ 100 ಸದಸ್ಯರು, ಇಲ್ಲವೇ ಒಟ್ಟು ಸದಸ್ಯರಲ್ಲಿ ಹತ್ತನೇ ಒಂದು ಭಾಗ (ಈ ಎರಡು ಸಂಖ್ಯೆಗಳಲ್ಲಿ ಕಡಿಮೆಯಾದುದು) ಅರ್ಜಿ ಸಲ್ಲಿಸಬಹುದು. ಕೋರಿಕೆಯ ಮೇರೆಗೆ ನ್ಯಾಯಮಂಡಳಿ ಈ ಮಿತಿಯನ್ನು ಸಡಿಲಿಸಬಹುದು. ಷೇರುಗಳ ಖರೀದಿಗೆ ಸೂಚಿಸುವ, ನಿರ್ದೇಶಕರನ್ನು ತೆಗೆದುಹಾಕುವ ಅಧಿಕಾರವೂ ಅದಕ್ಕಿದೆ.

ಆದರೆ ಈ ಪರಿಹಾರಕ್ಕೆ ಮಿತಿಯಿದೆ. 2024ರ ಜುಲೈ 16ರಂದು ಬಿಸಿಸಿಐ ಅರ್ಜಿಯ ಮೇಲೆ ಬೈಜೂಸ್ ವಿರುದ್ಧ ದಿವಾಳಿ ಪ್ರಕ್ರಿಯೆಗೆ ಆದೇಶವಾಯಿತು. ಇಂತಹ ಪ್ರಕ್ರಿಯೆ ಆರಂಭವಾದರೆ ಕಂಪನಿ ವಿರುದ್ಧದ ಇತರ ವ್ಯಾಜ್ಯಗಳು ಸ್ಥಗಿತಗೊಳ್ಳುತ್ತವೆ. ಸಾಲಗಾರರ ನಂತರವೇ ಷೇರುದಾರರ ಸರದಿ. ನ್ಯಾಯಮಂಡಳಿಯ ತಡೆಯಾಜ್ಞೆ ಷೇರುದಾರನ ಪಾಲನ್ನು ಕಾಯಬಲ್ಲುದು, ಅದರ ಬೆಲೆಯನ್ನಲ್ಲ.